ತಂತ್ರ, ಕಾಲ, ಜನರ ಪ್ರತಿಕ್ರಿಯೆ: ಮೂರನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿ

ಪ್ರಶ್ನೆ: ಕಲಾ ಇತಿಹಾಸದ ರಸಗ್ರಹಣ ತರಗತಿಗೆ ಪ್ರಶ್ನೆಪಟ್ಟಿ ಮಾಡ್ತಾ ಇದ್ದೀನಿ. ತಂತ್ರದ ಮೇಲೆ ಹತ್ತು, ಕಾಲದ ಮೇಲೆ ಹತ್ತು, ಜನ ಹೇಗೆ ಸ್ವೀಕರಿಸಿದರು ಅನ್ನೋದರ ಮೇಲೆ ಹತ್ತು. ಹೀಗೆ ಮಾಡಿದರೆ ಸರಿಯಾ? ಒಳ್ಳೆ ಪ್ರಶ್ನೆಗಳಿದ್ದರೆ ತಿಳಿಸಿ.

ಬೇಡ, ಹೀಗೆ ಮೂರು ಭಾಗ ಮಾಡಲೇಬೇಡಿ. ಇದೇ ಪಟ್ಟಿ ಹಿಡಿದು ನಾನೂ ಪಾಠ ಮಾಡಿದ್ದೇನೆ. ಅದು ಎಲ್ಲಿ ಮುರಿಯುತ್ತದೆ ಎಂದು ಒಂದು ಚಿತ್ರ ಇಟ್ಟುಕೊಂಡೇ ಹೇಳುತ್ತೇನೆ.

ಜೇಮ್ಸ್ ವಿಸ್ಲರ್‌ನ ‘ನಾಕ್ಟರ್ನ್ ಇನ್ ಬ್ಲ್ಯಾಕ್ ಆ್ಯಂಡ್ ಗೋಲ್ಡ್: ದ ಫಾಲಿಂಗ್ ರಾಕೆಟ್’. ಲಂಡನ್ನಿನ ಕ್ರೆಮೋರ್ನ್ ಗಾರ್ಡನ್ಸ್‌ನಲ್ಲಿ ರಾತ್ರಿ ಬಾಣಬಿರುಸು ಸಿಡಿದು ಕಿಡಿಗಳು ಉದುರುತ್ತಿರುವ ಚಿತ್ರ. 1877ರಲ್ಲಿ ಹೊಸದಾಗಿ ಶುರುವಾದ ಗ್ರೋವ್‌ನರ್ ಗ್ಯಾಲರಿಯಲ್ಲಿ ಇದನ್ನು ತೂಗುಹಾಕಿದ್ದರು, ಬೆಲೆ 200 ಗಿನಿ. ಆ ಕಾಲದ ದೊಡ್ಡ ವಿಮರ್ಶಕ ಜಾನ್ ರಸ್ಕಿನ್ ಇದನ್ನು ನೋಡಿ, ಜನರ ಮುಖಕ್ಕೆ ಒಂದು ಕುಡಿಕೆ ಬಣ್ಣ ಎರಚಿ 200 ಗಿನಿ ಕೇಳುತ್ತಿದ್ದಾನೆ ಎಂದು ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ನವೆಂಬರ್‌ನಲ್ಲಿ ವಿಚಾರಣೆ ನಡೆದು ವಿಸ್ಲರ್ ಗೆದ್ದ. ಆದರೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಕೋರ್ಟಿನ ಖರ್ಚು ತಲೆ ಮೇಲೆ ಬಿತ್ತು, ಮೊದಲಿನ ಸಾಲಗಳೂ ಇದ್ದವು. ಮರುವರ್ಷವೇ ದಿವಾಳಿಯಾದ.

ಈ ಕಥೆಯನ್ನು ನಾನು ಮೊದಲೇ ಹೇಳಿಬಿಡುತ್ತಿದ್ದೆ. ಆಮೇಲೆ ಮೂರು ಪ್ರಶ್ನೆ: ಇದರ ತಂತ್ರ ಯಾವುದು? ಕಾಲ ಯಾವುದು? ಜನ ಹೇಗೆ ಸ್ವೀಕರಿಸಿದರು? ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ತೀರ್ಪು ಗೊತ್ತಾದ ಮೇಲೆ ವಿದ್ಯಾರ್ಥಿ ಚಿತ್ರ ನೋಡುವುದಿಲ್ಲ, ಯಾರ ಪಕ್ಷ ಸೇರಬೇಕು ಎಂದಷ್ಟೇ ನೋಡುತ್ತಾನೆ. ಇವತ್ತು ವಿಸ್ಲರ್ ದೊಡ್ಡ ಕಲಾವಿದ, ಅಂದಮೇಲೆ ರಸ್ಕಿನ್ ದಡ್ಡ. ಉತ್ತರ ಮುಗಿಯಿತು. ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ಮಾತು ಬರೆದಿದ್ದರು: ‘ಆ ಕಾಲದ ಜನರಿಗೆ ಆಧುನಿಕ ಕಲೆ ಅರ್ಥವಾಗಲಿಲ್ಲ.’ ತಂತ್ರದ ಜಾಗದಲ್ಲಿ ‘ತೈಲವರ್ಣ’, ಕಾಲದ ಜಾಗದಲ್ಲಿ ‘19ನೇ ಶತಮಾನ’. ಮೂರೂ ಸರಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಚಿತ್ರ ನೋಡದೆಯೂ ಬರೆಯಬಹುದಾದ ಉತ್ತರಗಳು. ಆ ಉತ್ತರಪತ್ರಿಕೆಗಳನ್ನು ನೋಡಿದ ಸಂಸ್ಥೆಯವರು ಕೋರ್ಸನ್ನೇ ನಿಲ್ಲಿಸಿದರು. ನನಗೆ ಅದು ದೊಡ್ಡ ನಷ್ಟವಾಗಿತ್ತು.

ಆಮೇಲೆ ಬೇರೆ ಕಡೆ ಪಾಠ ಮಾಡುವಾಗ ಕ್ರಮವನ್ನೇ ತಿರುಗಿಸಿದೆ. ಹೆಸರು, ವರ್ಷ ಏನೂ ಹೇಳದೆ ಚಿತ್ರ ತೋರಿಸಿ ಕೇಳುತ್ತೇನೆ: ‘ಇದರಲ್ಲಿ ಯಾವ ಭಾಗ ಬೇಗ ಮಾಡಿದ್ದು, ಯಾವ ಭಾಗ ನಿಧಾನವಾಗಿ ಮಾಡಿದ್ದು ಅನಿಸುತ್ತದೆ? ಬೆರಳಿಟ್ಟು ತೋರಿಸಿ.’ ಕಪ್ಪು ಆಕಾಶದ ಮೇಲೆ ಹಳದಿ, ಕಿತ್ತಳೆ ಚುಕ್ಕೆಗಳು. ಕೆಲವು ಕುಂಚದ ತುದಿ ತಾಗಿಸಿ ಬಿಟ್ಟಂತಿವೆ. ಹಿಂದಿನ ಕತ್ತಲು ಮಾತ್ರ ತೆಳುವಾಗಿ ಹರಡಿಕೊಂಡಿದೆ. ಆಗ ತಂತ್ರ ಹೇಳುತ್ತೇನೆ. ಈ ರಾತ್ರಿಯ ಚಿತ್ರಗಳಿಗೆ ವಿಸ್ಲರ್ ತೈಲವರ್ಣವನ್ನು ತುಂಬಾ ನೀರಾಗಿ ಕಲಸುತ್ತಿದ್ದ, ಅದನ್ನು ‘ಸಾಸ್’ ಎಂದೇ ಕರೆಯುತ್ತಿದ್ದ. ಬಣ್ಣ ಕೆಳಗೆ ಇಳಿಯುತ್ತದೆ ಎಂದು ಚಿತ್ರವನ್ನು ನೆಲದ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದ. ರಾತ್ರಿ ನೋಡಿದ್ದನ್ನು ನೆನಪಿಟ್ಟುಕೊಂಡು ಆಮೇಲೆ ಸ್ಟುಡಿಯೋದಲ್ಲಿ ಬರೆಯುತ್ತಿದ್ದ.

ಇಷ್ಟಾದ ಮೇಲೆ ರಸ್ಕಿನ್‌ನ ಬೈಗುಳ ಓದಿ ಕೇಳಿ: ‘ಈ ಬೈಗುಳದಲ್ಲಿ ಎಷ್ಟು ಸರಿಯಾಗಿ ನೋಡಿದ್ದಾನೆ?’

ನನ್ನ ಮಟ್ಟಿಗೆ ಇಡೀ ತರಗತಿಗೆ ಬೇಕಾದ ಪ್ರಶ್ನೆ ಇದೊಂದೇ. ‘ಎರಚಿದ’ ಎಂಬ ಮಾತು ಅವಮಾನ, ನಿಜ. ಆದರೆ ಬಣ್ಣ ನೀರಾಗಿದೆ, ಚುಕ್ಕೆಗಳು ಬೇಗ ಬಿದ್ದಿವೆ ಎಂಬುದನ್ನು ಆತ ಕಂಡಿದ್ದ. ಕಂಡದ್ದಕ್ಕೆ ಕೊಟ್ಟ ಬೆಲೆ ಮಾತ್ರ ಬೇರೆ. ಈ ಒಂದು ಪ್ರಶ್ನೆಗೆ ಉತ್ತರಿಸಲು ವಿದ್ಯಾರ್ಥಿ ಚಿತ್ರದ ಮೇಲೆ ಬೆರಳಿಡಲೇಬೇಕು, ಆ ಕಾಲವನ್ನು ತಿಳಿಯಲೇಬೇಕು.

ಕಾಲದ ಮಾತು ಇಲ್ಲಿಂದ ತಾನಾಗಿ ಬರುತ್ತದೆ. ಕೋರ್ಟಿನಲ್ಲಿ ರಸ್ಕಿನ್ ಪರ ವಕೀಲ, ಇದನ್ನು ಮಾಡಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದ. ಎರಡು ದಿನ ಎಂದ ವಿಸ್ಲರ್. ಎರಡು ದಿನದ ಕೆಲಸಕ್ಕೆ 200 ಗಿನಿಯೇ? ಇಲ್ಲ, ಒಂದು ಜೀವಮಾನದ ತಿಳಿವಳಿಕೆಗೆ ಎಂಬ ಅರ್ಥದ ಉತ್ತರ ಬಂತು. ಎಲ್ಲರೂ ಈ ಉತ್ತರಕ್ಕೆ ಚಪ್ಪಾಳೆ ತಟ್ಟುತ್ತಾರೆ. ನೀವು ವಕೀಲನ ಪ್ರಶ್ನೆಯ ಹತ್ತಿರ ನಿಲ್ಲಿಸಿ. ದಿನದ ಲೆಕ್ಕ ಕೇಳುವುದು ಅವನಿಗೆ ಅಷ್ಟು ಸಹಜವಾಗಿದ್ದು ಯಾಕೆ? ಆಗ ಪಕ್ಕದಲ್ಲಿ ಅದೇ ಕಾಲದ ಜನಪ್ರಿಯ ಚಿತ್ರಕಾರ ಫ್ರಿತ್‌ನ ‘ಡರ್ಬಿ ಡೇ’ ಇಡಿ. 1858ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಇದನ್ನು ನೋಡಲು ಎಷ್ಟು ಜನ ಮುಗಿಬಿದ್ದರೆಂದರೆ ಚಿತ್ರದ ಮುಂದೆ ಕಂಬಿ ಹಾಕಬೇಕಾಯಿತು. ಕುದುರೆ ಜೂಜಿಗೆ ಬಂದ ಹತ್ತಾರು ಜನ, ಪ್ರತಿ ಮುಖಕ್ಕೂ ಒಂದು ಕಥೆ, ಪ್ರತಿ ಬಟ್ಟೆಗೂ ಮಡಿಕೆ. ಕೊಟ್ಟ ದುಡ್ಡಿಗೆ ಎಷ್ಟು ಶ್ರಮ ಬಿದ್ದಿದೆ ಎಂಬುದು ಕಣ್ಣಿಗೆ ಕಾಣಬೇಕು ಎಂದು ಕಲಿತ ಜನ ಅವರು. ಇದೇ ಫ್ರಿತ್ ಕೋರ್ಟಿಗೆ ಬಂದು ವಿಸ್ಲರ್ ವಿರುದ್ಧ ಸಾಕ್ಷಿ ಹೇಳಿದ. ಮುಗಿಸಿದ ಚಿತ್ರ ಅಂದರೆ ಹೇಗಿರಬೇಕು ಎಂದು ತೋರಿಸಲು ಇಟಲಿಯ ಹಳೆಯ ಮಹಾನ್ ಕಲಾವಿದ ಟಿಷಿಯನ್‌ನದು ಎಂದು ನಂಬಿದ್ದ ಒಂದು ಭಾವಚಿತ್ರವನ್ನೂ ಕೋರ್ಟಿಗೆ ತಂದಿದ್ದರು.

ಇಷ್ಟಕ್ಕೇ ಬಿಟ್ಟರೆ ‘ಹಳೇ ಕಾಲದವರಿಗೆ ಅರ್ಥವಾಗಲಿಲ್ಲ’ ಮತ್ತೆ ತಲೆ ಎತ್ತುತ್ತದೆ. ಅದಕ್ಕೆ ಇನ್ನೊಂದು ಪ್ರಶ್ನೆ ಬೇಕು: ‘ಟರ್ನರ್‌ನನ್ನು ಒಪ್ಪಿದವನು ವಿಸ್ಲರ್‌ನನ್ನು ಯಾಕೆ ಒಪ್ಪಲಿಲ್ಲ?’ 1842ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನ ಹಿಮಗಾಳಿಯ ಚಿತ್ರವನ್ನು ಸಾಬೂನು ನೊರೆ, ಸುಣ್ಣದ ನೀರು ಎಂದು ಹೀಯಾಳಿಸಿದ್ದರು. ಮರುವರ್ಷ ಟರ್ನರ್ ಪರವಾಗಿ ಪುಸ್ತಕ ಬರೆದು ನಿಂತವನು ಇದೇ ರಸ್ಕಿನ್. ಮಸುಕು ಬಣ್ಣ ಅವನಿಗೆ ಹೊಸದಲ್ಲ. ಟರ್ನರ್‌ನ ಮಸುಕಿನಲ್ಲಿ ಅವನಿಗೆ ಪ್ರಕೃತಿಯನ್ನು ಗಂಟೆಗಟ್ಟಲೆ ಗಮನಿಸಿದ ಸತ್ಯ ಕಂಡಿತು. ವಿಸ್ಲರ್ ತನ್ನ ಚಿತ್ರಕ್ಕೆ ‘ನಾಕ್ಟರ್ನ್’ ಎಂದು ಸಂಗೀತದಿಂದ ಹೆಸರು ತಂದು, ಇದು ಬಣ್ಣಗಳ ಜೋಡಣೆ, ಕಥೆ ಹುಡುಕಬೇಡಿ ಅಂದ. ಹೊರಗಿನಿಂದ ಒಂದೇ ಥರ ಕಾಣುವ ತಂತ್ರ, ಅದರ ಹಿಂದಿನ ಉದ್ದೇಶ ಬೇರೆ. ಇಲ್ಲಿ ತರಗತಿಯಲ್ಲಿ ನಿಜವಾದ ಜಗಳ ಶುರುವಾಗುತ್ತದೆ. ತಡೆಯಬೇಡಿ.

ಮೂವತ್ತು ಪ್ರಶ್ನೆ ಕೇಳಿದ್ದಿರಿ, ನಾನು ಕೊಟ್ಟದ್ದು ಮೂರು ನಾಲ್ಕು. ಒಂದು ತರಗತಿಗೆ ಅಷ್ಟೇ ಜಾಸ್ತಿ. ಪ್ರಶ್ನೆ ಕೆಲಸ ಮಾಡಿತಾ ಎಂದು ಗೊತ್ತಾಗುವುದು ಹೀಗೆ: ಉತ್ತರದಲ್ಲಿ ಚಿತ್ರದ ಯಾವುದಾದರೂ ಒಂದು ಜಾಗದ ಹೆಸರು ಬಂದಿದೆಯಾ ನೋಡಿ. ‘ಬಲಗಡೆ ಮೇಲಿನ ಕಿಡಿಗಳು’ ಎಂದು ಬರೆದಿದ್ದರೆ ವಿದ್ಯಾರ್ಥಿ ನೋಡಿದ್ದಾನೆ. ‘ಕ್ರಾಂತಿಕಾರಿ ಶೈಲಿ’ ಎಂದಷ್ಟೇ ಬರೆದಿದ್ದರೆ ನೋಡಿಲ್ಲ.

ಇನ್ನೊಂದು ವಿಷಯ. ಈ ಚಿತ್ರದ ನಿಜವಾದ ಅಳತೆ ಸುಮಾರು 60 ಸೆಂ.ಮೀ. ಎತ್ತರ, 47 ಸೆಂ.ಮೀ. ಅಗಲ. ಪ್ರೊಜೆಕ್ಟರ್‌ನಲ್ಲಿ ಗೋಡೆ ತುಂಬಾ ಹಾಕಿದರೆ ಚುಕ್ಕೆಗಳು ದೊಡ್ಡ ಮಚ್ಚೆಗಳಾಗಿ, ಎಲ್ಲರೂ ರಸ್ಕಿನ್ ಪರ ಆಗುತ್ತಾರೆ. ಅದೇ ಅಳತೆಗೆ ಕಾಗದ ಕತ್ತರಿಸಿ ಪರದೆಯ ಪಕ್ಕ ಅಂಟಿಸಿ, ಆಮೇಲೆ ಮೊದಲ ಪ್ರಶ್ನೆ ಕೇಳಿ.