ಒಂದೇ ಪದದ ಮೆಸೇಜಿಗೆ ಹೇಗೆ ಉತ್ತರಿಸೋದು?

ಪ್ರಶ್ನೆ: ಲಕ್ವ ಹೊಡೆದ ಮೇಲೆ ಮಂಡ್ಯದಲ್ಲಿರುವ ಅಪ್ಪನಿಗೆ ಟೈಪ್ ಮಾಡೋದು ಕಷ್ಟ. "ನೋವು" ಅಂತಷ್ಟೇ ಕಳಿಸ್ತಾರೆ. ನಾನು ಹೇಗೆ ಉತ್ತರಿಸಲಿ?

ಉತ್ತರ: ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಒಂದೇ ಅಂಕಿ ಒತ್ತಿದರೆ ಸಾಕು ಅನ್ನುವ ಹಾಗೆ: "ಎಲ್ಲಿ ನೋವು? 1 ಭುಜ, 5 ಕಾಲು, 0 ಬೇರೆ ಕಡೆ."

ಪದ ಹುಡುಕಿ ಟೈಪ್ ಮಾಡುವುದಕ್ಕಿಂತ ಕಣ್ಣೆದುರು ಇರುವುದನ್ನು ಆರಿಸುವುದು ಸುಲಭ, ಅಲ್ವಾ? 1, 2, 3 ಬೇಡ. ಕೀಬೋರ್ಡಿನ ಅಂಕಿ ಸಾಲಿನಲ್ಲಿ ಅವು ಅಕ್ಕಪಕ್ಕ ಇರುತ್ತವೆ, ಬೆರಳು ಜಾರಿದರೆ ಉತ್ತರವೇ ಬದಲಾಗುತ್ತದೆ. 1, 5, 0 ದೂರ ದೂರ ಇವೆ. ಉತ್ತರ 4 ಅಂತ ಬಂದರೆ ಕೈ ಜಾರಿದೆ ಎಂದು ತಿಳಿಯುತ್ತದೆ, ಮತ್ತೆ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಅಂಕಿ ಸಾಲು ಸದಾ ಕಾಣುವಂತೆ ಮಾಡಿಡಿ.

"ಬೇರೆ" ಬಿಡಬೇಡಿ. ಅದಿಲ್ಲದಿದ್ದರೆ ಬೆನ್ನು ನೋವಿದ್ದರೂ ಸುಮ್ನೆ ಭುಜ ಅಂತ ಒತ್ತಿಬಿಡಬಹುದು. "ಭುಜಾನಾ, ಕಾಲಾ?" ಅಂತ ಕೇಳಿದರೆ ಬರುವ "ಹೂಂ"ನಿಂದ ಏನೂ ಗೊತ್ತಾಗಲ್ಲ.