ಪೇವರ್ ತಗ್ಗಿದರೆ ಮೊದಲು ಕೆಳಗೆ ನೋಡಿ

"ಮನೆ ಮುಂದೆ ಪೇವರ್ ಹಾಕಿಸಿ ಒಂದೇ ಮಳೆಗಾಲ. ಕಾರಿನ ಚಕ್ರ ಹೋಗೋ ಕಡೆ ತಗ್ಗಾಗಿದೆ, ಅಂಚಿನ ಬ್ಲಾಕ್ ಜರುಗಿವೆ. ಮರಳು ತುಂಬಿಸಿದ್ರೆ ಸಾಕಾ?"

ಸಾಕಾಗಲ್ಲ. ತಗ್ಗಿರುವ ಕಡೆ ನಾಲ್ಕು ಬ್ಲಾಕ್ ಎಬ್ಬಿಸಿ, ಮರಳಿಗೆ ಸ್ಕೇಲ್ ಚುಚ್ಚಿ ನೋಡಿ. ಮರಳಿನ ದಪ್ಪ 25–40 ಮಿ.ಮೀ. ಒಳಗೆ, ಎಲ್ಲ ಕಡೆ ಒಂದೇ ಸಮ ಇರಬೇಕು. ನಮ್ಮ ಮನೆಯಲ್ಲಿ ಹೀಗೇ ಎಬ್ಬಿಸಿದಾಗ ಒಂದು ಕಡೆ 70 ಮಿ.ಮೀ. ಸಿಕ್ಕಿತು! ತಳದ ಉಬ್ಬುತಗ್ಗನ್ನು ಮೇಸ್ತ್ರಿ ಮರಳಿನಲ್ಲೇ ಮುಚ್ಚಿದ್ದರು. ಮರಳಿನ ಪದರ ದಪ್ಪವಾದರೆ ಚಕ್ರದ ಭಾರಕ್ಕೆ ಪಕ್ಕಕ್ಕೆ ಸರಿಯುತ್ತದೆ, ತಗ್ಗು ಬೀಳುವುದು ಅದಕ್ಕೇ.

ಭಾರ ಹೊರಬೇಕಾದದ್ದು ಮರಳಲ್ಲ, ಅದರ ಕೆಳಗಿನ ಜಲ್ಲಿ. ಕಾರಿಗೆ ದಪ್ಪ-ಸಣ್ಣ ಬೆರೆತ ಜಲ್ಲಿ 150 ಮಿ.ಮೀ. ಹಾಕಿಸಿ. ಒಂದೇ ಸಲ ಸುರಿಯದೆ ಎರಡು ಪದರ ಮಾಡಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿ. ಕಪ್ಪು ಎರೆಮಣ್ಣಾದರೆ ಇನ್ನೂ ಜಾಸ್ತಿ ಬೇಕು. ಮಟ್ಟ ಏನಿದ್ದರೂ ಇಲ್ಲೇ ಸರಿ ಮಾಡಿಕೊಳ್ಳಬೇಕು. ಆಮೇಲೆ ದಪ್ಪ ಕಾಳಿನ ಮರಳು ಹರಡಿಸಿ. ಕ್ರಷರ್ ಪುಡಿ ಬೇಡ, ಅದು ನೀರು ಹಿಡಿದು ಕೆಸರಾಗುತ್ತದೆ.

ಅಂಚಿಗೆ ಸುಮ್ನೆ ಸಿಮೆಂಟ್ ಮೆತ್ತಿದ್ದಾರಾ? ಅದು ಬಿರುಕು ಬಿಡುತ್ತದೆ. ಕರ್ಬ್ ಕಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸಿ, ಹಿಂದೆಯೂ ಕಾಂಕ್ರೀಟ್ ಒತ್ತು ಕೊಡಿಸಿ. ಗೇಟಿನ ಬಾಯಲ್ಲಂತೂ ಬಿಡಲೇಬೇಡಿ, ಬ್ರೇಕಿನ ಒತ್ತಡ ಬೀಳುವುದು ಅಲ್ಲೇ ಅಲ್ವಾ? ಬ್ಲಾಕ್ ಒಡೆದಿಲ್ಲದಿದ್ದರೆ ಹಳೆಯವನ್ನೇ ಮತ್ತೆ ಹಾಕಬಹುದು.