ಬ್ಲೂ ಕಾರ್ಡ್ ನವೀಕರಣ: ಕೆಲಸವಿಲ್ಲದ ಮೂರು ತಿಂಗಳನ್ನು ಪತ್ರದಲ್ಲಿ ಹೇಳೋದು ಹೇಗೆ

"ಅಕ್ಕ, ಜರ್ಮನಿಯಲ್ಲಿದ್ದು ಕೆಲಸ ಮಾಡೋಕೆ ಕೊಟ್ಟ ನನ್ನ ಪರವಾನಗಿ, ಅಂದ್ರೆ ಬ್ಲೂ ಕಾರ್ಡ್, 2025ರ ನವೆಂಬರ್ 30ಕ್ಕೆ ಮುಗಿಯುತ್ತೆ. ಮ್ಯೂನಿಕ್ ಕಂಪನಿಯವರು ಫೆಬ್ರವರಿ 28ಕ್ಕೆ ನೋಟಿಸ್ ಕೊಟ್ಟು ಮಾರ್ಚ್ 31ಕ್ಕೆ ಕೆಲಸದಿಂದ ತೆಗೆದ್ರು. ಜುಲೈ 1ರಿಂದ ಸ್ಟುಟ್‌ಗಾರ್ಟ್‌ನಲ್ಲಿ ಹೊಸ ಕೆಲಸ, ಜೂನ್ 15ಕ್ಕೆ ಮನೆ ಬದಲಾಯಿಸಿ 24ಕ್ಕೆ ವಿಳಾಸ ನೋಂದಾಯಿಸಿದೆ. ನಿರುದ್ಯೋಗ ಕಚೇರಿಗೆ ಹೇಳಿದ್ದೆ, ವಲಸೆ ಕಚೇರಿ ಆಸ್ಲೆಂಡರ್‌ಬೆಹೋರ್ಡೆಗೆ ಹೇಳಿಲ್ಲ. ಪತ್ರದಲ್ಲಿ ಏನಂತ ಬರೀಲಿ?"

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಆ ಮೂರು ತಿಂಗಳು ಗುಟ್ಟಾಗಿ ಉಳಿಯೋದಲ್ಲ. ಕೆಲಸ ಮುಗಿದದ್ದನ್ನ ನಾಲ್ಕು ವಾರದೊಳಗೆ ತಿಳಿಸೋ ಹೊಣೆ ಹಳೇ ಕಂಪನಿಗೂ ಇದೆ, ಹಾಗಾಗಿ ನಿಮ್ಮ ಕಡತದಲ್ಲಿ ಅವರ ಪತ್ರ ಆಗಲೇ ಇರಬಹುದು. ಪೆನ್ಷನ್ ದಾಖಲೆ, ಸಂಬಳದ ಚೀಟಿ, ಮನೆ ನೋಂದಣಿ ಇವುಗಳಲ್ಲೂ ದಿನಾಂಕಗಳಿವೆ. ಅಧಿಕಾರಿ ನೋಡೋದು ಇವೆಲ್ಲ ಒಂದಕ್ಕೊಂದು ಹೊಂದುತ್ತವಾ ಅಂತ. ಹಾಗಾಗಿ ಕಷ್ಟ ತೋಡಿಕೊಳ್ಳೋ ಪತ್ರ ಬೇಡ. ದಿನಾಂಕಗಳನ್ನ ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ಒಂದು ಕಾಗದ ಜೋಡಿಸಿ. ಜರ್ಮನ್‌ನಲ್ಲೇ, ಒಂದು ಪುಟ ಸಾಕು.

ನಿರುದ್ಯೋಗ ಕಚೇರಿಗೆ ಹೇಳಿದ್ದು ವಲಸೆ ಕಚೇರಿಗೆ ಹೇಳಿದ ಹಾಗಲ್ಲ. ತುಂಬಾ ಜನ ಎಡವೋದು ಇಲ್ಲೇ. ಕೆಲಸ ಅವಧಿಗೆ ಮೊದಲೇ ಮುಗಿದರೆ, ಗೊತ್ತಾದ ಎರಡು ವಾರದಲ್ಲಿ ನಾವೇ ತಿಳಿಸಬೇಕು ಅಂತ ವಾಸ್ತವ್ಯ ಕಾಯ್ದೆ ಹೇಳುತ್ತೆ. ನೀವು ತಿಳಿಸಿಲ್ಲ, ಹಾಗಾಗಿ ಅದನ್ನ ಒಂದೇ ವಾಕ್ಯದಲ್ಲಿ ಒಪ್ಪಿಕೊಳ್ಳಿ. ಮುಚ್ಚಿಟ್ಟು ಆಮೇಲೆ ಅವರೇ ಕಂಡುಕೊಂಡರೆ, ಬಾಕಿ ಕಾಗದಗಳ ಮೇಲೂ ಅನುಮಾನ ಬರುತ್ತೆ. ನಿಮ್ಮ ಪರವಾಗಿ ಗಟ್ಟಿ ಮಾತು ಅಂದ್ರೆ, ಈಗ ಕೈಯಲ್ಲಿ ಕೆಲಸ ಇದೆ.

ನಿಮ್ಮ ಪತ್ರದ ಒಡಲು ಹೀಗಿರಲಿ, ಇದನ್ನೇ ಜರ್ಮನ್‌ಗೆ ತಿರುಗಿಸಿ. ಮೇಲೆ ವಿಷಯದ ಸಾಲಿನಲ್ಲಿ ಹೆಸರು, ಹುಟ್ಟಿದ ದಿನ, ಕಡತ ಸಂಖ್ಯೆ.

"ಮ್ಯೂನಿಕ್‌ನ ನನ್ನ ಉದ್ಯೋಗವನ್ನು ಸಂಸ್ಥೆಯು ತನ್ನ ವ್ಯಾವಹಾರಿಕ ಕಾರಣಗಳಿಂದ 28.02.2025ರ ನೋಟಿಸ್ ಮೂಲಕ 31.03.2025ಕ್ಕೆ ಕೊನೆಗೊಳಿಸಿತು (ಲಗತ್ತು 1). 03.03.2025ರಂದು ಉದ್ಯೋಗಾಕಾಂಕ್ಷಿಯಾಗಿ ನೋಂದಾಯಿಸಿಕೊಂಡೆ. ಏಪ್ರಿಲ್ 1ರಿಂದ ಜೂನ್ 30ರವರೆಗೆ ನಿರುದ್ಯೋಗ ಭತ್ಯೆ ಪಡೆದೆ (ಲಗತ್ತು 2). ಆರೋಗ್ಯ ವಿಮೆ ಒಂದು ದಿನವೂ ಕಡಿದಿಲ್ಲ (ಲಗತ್ತು 3). ಉದ್ಯೋಗ ಮುಗಿದ ವಿಷಯವನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ತಿಳಿಸಿರಲಿಲ್ಲ. ಈ ಪತ್ರದ ಮೂಲಕ ತಿಳಿಸುತ್ತಿದ್ದೇನೆ. 01.07.2025ರಿಂದ ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿದ್ದೇನೆ (ಲಗತ್ತು 4). 15.06.2025ರಿಂದ ಇಲ್ಲಿ ವಾಸವಾಗಿದ್ದು, 24.06.2025ರಂದು ವಿಳಾಸ ನೋಂದಾಯಿಸಿದ್ದೇನೆ (ಲಗತ್ತು 5). ನನ್ನ ಹಿಂದಿನ ಕಡತ ಮ್ಯೂನಿಕ್ ಕಚೇರಿಯಲ್ಲಿದೆ."

ಉದ್ಯೋಗಾಕಾಂಕ್ಷಿಯಾಗಿ ನೋಂದಾಯಿಸಿದ ದಿನ ಮತ್ತು ಭತ್ಯೆ ನಿಮ್ಮ ವಿಷಯದಲ್ಲಿ ಬೇರೆ ಇದ್ದರೆ ಕಾಗದದಲ್ಲಿ ಇದ್ದದ್ದನ್ನೇ ಹಾಕಿ. ಇದು ಮುಖ್ಯ, ಯಾಕಂದ್ರೆ ನೀವೇ ರಾಜೀನಾಮೆ ಕೊಟ್ಟಿದ್ದರೆ ಅಥವಾ ಒಪ್ಪಂದದ ಮೇಲೆ ಬಿಟ್ಟಿದ್ದರೆ ಭತ್ಯೆ 12 ವಾರದ ತನಕ ತಡೆಹಿಡಿಯಬಹುದು. ಆಗ ಹೊಟ್ಟೆಗೆ ಏನು ಮಾಡಿದ್ರಿ ಅನ್ನೋ ಪ್ರಶ್ನೆ ಏಳುತ್ತೆ, ಅದಕ್ಕೆ ಆ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಬೇಕು. ವಿಮಾ ಕಂಪನಿಯಿಂದ ಸದಸ್ಯತ್ವ ಪತ್ರ ಕೇಳುವಾಗ ಬರೀ "ಸದಸ್ಯರು" ಅಂತಲ್ಲ, ಮಾರ್ಚ್‌ನಿಂದ ಇವತ್ತಿನವರೆಗಿನ ಅವಧಿ ಬರೆದುಕೊಡಿ ಅಂತ ಕೇಳಿ. ನಾನು ನೋಡಿದ ಅರ್ಜಿಗಳಲ್ಲಿ ಹೆಚ್ಚಾಗಿ ಕೇಳಿ ವಾಪಸ್ ಕಳಿಸೋದು ಈ ಕಾಗದವನ್ನೇ.

ಇನ್ನು ವಿಳಾಸ. ಮನೆಗೆ ಬಂದ ಎರಡು ವಾರದಲ್ಲಿ ಆನ್‌ಮೆಲ್ಡುಂಗ್, ಅಂದ್ರೆ ವಿಳಾಸದ ನೋಂದಣಿ, ಆಗಬೇಕು, ನಿಮ್ಮದು ಒಂಬತ್ತನೇ ದಿನಕ್ಕೆ ಆಗಿದೆ, ಅಲ್ಲಿ ತಕರಾರಿಲ್ಲ. ಆದರೆ ಊರು ಬದಲಾಯಿತು ಅಂದ್ರೆ ಕಚೇರಿಯೂ ಬದಲಾಯಿತು. ಅರ್ಜಿ ಸ್ಟುಟ್‌ಗಾರ್ಟ್‌ಗೇ ಹಾಕಬೇಕು, ಅವರು ಮ್ಯೂನಿಕ್‌ನಿಂದ ಕಡತ ತರಿಸಿಕೊಳ್ಳಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಪತ್ರದ ಕೊನೇ ಸಾಲು ಬರೆಯೋಕೆ ಹೇಳಿದ್ದು ಇದಕ್ಕೇ. ಹಳೇ ಕಡತ ಸಂಖ್ಯೆಯನ್ನೂ ಹಳೇ ಕಾರ್ಡಿನ ಎರಡೂ ಬದಿಯ ಪ್ರತಿಯನ್ನೂ ಸೇರಿಸಿ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿದ್ದೀರಾ ನೋಡಿ. ಇಲ್ಲದಿದ್ದರೆ ಕಚೇರಿಯ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ.

ಸಂಬಳ ಒಮ್ಮೆ ನೋಡಿಕೊಳ್ಳಿ. 2025ರಲ್ಲಿ ಬ್ಲೂ ಕಾರ್ಡಿಗೆ ಬೇಕಿದ್ದ ಸಾಮಾನ್ಯ ಕನಿಷ್ಠ ಮಿತಿ ವರ್ಷಕ್ಕೆ 48,300 ಯೂರೋ. ಕೆಲಸಗಾರರ ಕೊರತೆ ಇರುವ ವೃತ್ತಿಗಳಿಗೆ ಮಿತಿ ಕಡಿಮೆ. ಹೊಸ ಕರಾರಿನ ಜೊತೆ ಕೊನೇ ಮೂರು ತಿಂಗಳ ಸಂಬಳ ಚೀಟಿ ಇಡಿ.

ಅರ್ಜಿ ನವೆಂಬರ್ 30ರ ಮುಂಚೆ ಅವರ ಕೈ ಸೇರಿರಲೇಬೇಕು, ಅಪಾಯಿಂಟ್‌ಮೆಂಟ್ ಜನವರಿಗೆ ಸಿಕ್ಕರೂ ಸರಿ. ಅವಧಿ ಮುಗಿಯುವ ಮೊದಲು ಅರ್ಜಿ ಸೇರಿದ್ದರೆ ಹಳೇ ಪರವಾನಗಿ ತೀರ್ಮಾನದ ತನಕ ಮುಂದುವರಿದಿದೆ ಅಂತ ಕಾನೂನೇ ಭಾವಿಸುತ್ತೆ. ಆನ್‌ಲೈನ್ ಸ್ವೀಕೃತಿಯನ್ನ ಪಿಡಿಎಫ್ ಮಾಡಿ ಇಟ್ಕೊಳ್ಳಿ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗೋ ಯೋಚನೆ ಇದ್ದರೆ ಬರೀ ಸ್ವೀಕೃತಿ ನಂಬಿ ವಿಮಾನ ಹತ್ತಬೇಡಿ. ಹಳೇ ಪರವಾನಗಿ ಮುಂದುವರಿದಿದೆ ಅಂತ ಕಚೇರಿ ಕೊಡೋ ಪ್ರಮಾಣಪತ್ರ, ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್, ಬೇಕು ಅಂತ ಅರ್ಜಿಯ ಜೊತೆಗೇ ಪ್ರಯಾಣದ ದಿನಾಂಕ ಹಾಕಿ ಕೇಳಿ. ಕೈಗೆ ಬಂದಾಗ "ಪರವಾನಗಿ ಮುಂದುವರಿದಿದೆ" ಅನ್ನೋ, ಕಾಯ್ದೆಯ 81ನೇ ಕಲಂ 4ನೇ ಉಪಕಲಂ ನಮೂದಿಸಿದ ಚೌಕಕ್ಕೇ ಗುರುತು ಬಿದ್ದಿದೆಯಾ ನೋಡಿ. ಅದಿದ್ದರೆ ವಾಪಸ್ ಬರೋಕೆ ದಾರಿ ಸುಗಮ.